ಆಧಾರ್ ಜೆರಾಕ್ಸ್ ಕೊಟ್ಟರೆ ಖಾತೆಯ ಹಣ ಹೋಗುತ್ತದೆಯೇ? ನಿಜ ಎಷ್ಟು, ಎಚ್ಚರ ಎಷ್ಟು?

"ಆಧಾರ್ ಕಾರ್ಡಿನ ಜೆರಾಕ್ಸ್ ಯಾರಿಗೂ ಕೊಡಬೇಡಿ, ಇದು ಸರ್ಕಾರದ ಆದೇಶ, ಕೊಟ್ಟರೆ ನಿಮ್ಮ ಖಾತೆ ಖಾಲಿ" ಎಂಬ ಅರ್ಥದ ಸಂದೇಶ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ತಿರುಗಿ ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಜೆರಾಕ್ಸ್ ಮೇಲೆ ಎರಡು ಗೆರೆ ಎಳೆದು ಸಹಿ ಹಾಕಿ ಕೊಡಿ, ಯಾರೂ ಏನೂ ಮಾಡಲಾಗದು." ಮೊದಲನೆಯದು ಹೆದರಿಸುತ್ತದೆ, ಎರಡನೆಯದು ಧೈರ್ಯ ಕೊಡುತ್ತದೆ. ಎರಡರಲ್ಲೂ ಅರ್ಧ ನಿಜವಿದೆ, ಅರ್ಧ ತಪ್ಪಿದೆ.

ಇತ್ತ ದಿನನಿತ್ಯದ ವ್ಯವಹಾರ ನಿಲ್ಲುವುದಿಲ್ಲ. ತುಮಕೂರಿನಲ್ಲಿ ಬಾಡಿಗೆ ಮನೆ ಹಿಡಿಯಬೇಕಾದರೆ ಬ್ರೋಕರ್ ಆಧಾರ್ ಕೇಳುತ್ತಾನೆ. ಗುಬ್ಬಿಯಲ್ಲಿ ಕಂತಿನ ಮೇಲೆ ಫೋನ್ ಕೊಳ್ಳಲು ಹೋದರೆ ಆಧಾರ್ ಜೊತೆ ಪಾನ್ ಕೂಡ ಬೇಕು. ಕುಣಿಗಲ್‌ನಲ್ಲಿ ಸೈಟು ನೋಂದಣಿ ಮಾಡಿಸಲು ಹೋದರೆ ಮಧ್ಯವರ್ತಿಯ ಕೈಗೆ ಒಂದು ಕಟ್ಟು ಜೆರಾಕ್ಸ್ ಹೋಗುತ್ತದೆ. ಯಾರಿಗೂ ಕೊಡದೆ ಇರುವುದು ಆಗದ ಮಾತು. ಹಾಗಾಗಿ ಈ ಬರಹದಲ್ಲಿ ನಾವು ನೋಡುವ ಪ್ರಶ್ನೆ ಬೇರೆ: ಬರೀ ಒಂದು ಜೆರಾಕ್ಸ್ ಹಾಳೆಯಿಂದ ನಿಜಕ್ಕೂ ಏನು ಆಗಬಹುದು, ಏನು ಆಗಲಾರದು, ಕೊಡಲೇಬೇಕಾದಾಗ ಹೇಗೆ ಕೊಡಬೇಕು, ಕೊಟ್ಟ ಮೇಲೆ ದುರುಪಯೋಗ ಆಗಿದೆಯೇ ಎಂದು ಹೇಗೆ ತಿಳಿಯಬೇಕು?

ಆ "ಸರ್ಕಾರದ ಆದೇಶ" ಎಲ್ಲಿಂದ ಬಂತು?

ಈ ಫಾರ್ವರ್ಡಿನ ಬೇರು ನಮ್ಮ ಬೆಂಗಳೂರಿನಲ್ಲೇ ಇದೆ. ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ 27ರಂದು ಒಂದು ಪತ್ರಿಕಾ ಪ್ರಕಟಣೆ ಹೊರಡಿಸಿತು. ಆಧಾರ್ ಜೆರಾಕ್ಸನ್ನು ಯಾವುದೇ ಸಂಸ್ಥೆಗೆ ಕೊಡಬೇಡಿ, ದುರುಪಯೋಗ ಆಗಬಹುದು, ಅದರ ಬದಲು ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ 'ಮಾಸ್ಕ್ಡ್ ಆಧಾರ್' ಕೊಡಿ ಎಂದು ಅದರಲ್ಲಿತ್ತು. ಪರವಾನಗಿ ಇಲ್ಲದ ಹೋಟೆಲ್, ಚಿತ್ರಮಂದಿರದಂಥ ಖಾಸಗಿಯವರು ಆಧಾರ್ ಪ್ರತಿ ಪಡೆದು ಇಟ್ಟುಕೊಳ್ಳುವಂತಿಲ್ಲ ಎಂದೂ ಹೇಳಿತ್ತು.

ದೇಶದಾದ್ಯಂತ ಗಾಬರಿ ಎದ್ದಿತು. ಎರಡೇ ದಿನದಲ್ಲಿ, ಅಂದರೆ ಮೇ 29ರಂದು, ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ಆ ಪ್ರಕಟಣೆಯನ್ನು ಹಿಂಪಡೆಯಿತು. ಫೋಟೋಶಾಪ್ ಮಾಡಿದ ಆಧಾರ್ ಕಾರ್ಡಿನ ದುರ್ಬಳಕೆಯ ಯತ್ನದ ಹಿನ್ನೆಲೆಯಲ್ಲಿ ಅದನ್ನು ಹೊರಡಿಸಲಾಗಿತ್ತು, ಜನ ತಪ್ಪಾಗಿ ಅರ್ಥ ಮಾಡಿಕೊಳ್ಳುವ ಸಾಧ್ಯತೆ ಇರುವುದರಿಂದ ಹಿಂಪಡೆಯುತ್ತಿದ್ದೇವೆ, ಜನರು ಆಧಾರ್ ಸಂಖ್ಯೆ ಬಳಸುವಾಗ ಮತ್ತು ಹಂಚುವಾಗ ಸಾಮಾನ್ಯ ಎಚ್ಚರ ವಹಿಸಿದರೆ ಸಾಕು ಎಂದು ಸಚಿವಾಲಯ ಹೇಳಿತು.

ಮೊದಲ ಪ್ರಕಟಣೆಯ ಚಿತ್ರ ಮಾತ್ರ ಇವತ್ತಿಗೂ ಗುಂಪುಗಳಲ್ಲಿ ಓಡಾಡುತ್ತಿದೆ, ಹಿಂಪಡೆದದ್ದು ಓಡಾಡುವುದಿಲ್ಲ. ಆದ್ದರಿಂದ "ಜೆರಾಕ್ಸ್ ಕೊಡಲೇಬಾರದೆಂದು ಸರ್ಕಾರದ ಆದೇಶವಿದೆ" ಎಂದು ಆ ಚಿತ್ರ ತೋರಿಸಿ ಹೇಳುವುದು ತಪ್ಪು. ಆದರೆ "ಸಾಮಾನ್ಯ ಎಚ್ಚರ" ಎಂದರೇನು ಎಂಬುದನ್ನು ಯಾರೂ ಬಿಡಿಸಿ ಹೇಳಲಿಲ್ಲ. ಅದನ್ನು ತಿಳಿಯಲು ಮೋಸ ನಡೆಯುವ ದಾರಿ ಗೊತ್ತಿರಬೇಕು.

ಬರೀ ಜೆರಾಕ್ಸಿನಿಂದ ಹಣ ತೆಗೆಯಲು ಆಗುತ್ತದೆಯೇ?

ಆಗುವುದಿಲ್ಲ. ಆಧಾರ್ ಸಂಖ್ಯೆ ಗೊತ್ತಿದ್ದ ಮಾತ್ರಕ್ಕೆ ಯಾವ ಬ್ಯಾಂಕೂ ಹಣ ಕೊಡುವುದಿಲ್ಲ. ಹಣ ತೆಗೆಯಲು ಸಂಖ್ಯೆಯ ಜೊತೆ ಇನ್ನೊಂದು ಬೇಕು: ಬೆರಳಚ್ಚು ಅಥವಾ ನಿಮ್ಮ ಫೋನಿಗೆ ಬರುವ ಓಟಿಪಿ. ಜೆರಾಕ್ಸ್ ಒಂದೇ ಇದ್ದರೆ ಅದು ಬೀಗ ತೆರೆಯದ ಅರ್ಧ ಕೀಲಿ. ಅಪಾಯ ಶುರುವಾಗುವುದು ಉಳಿದರ್ಧವೂ ಅದೇ ಕೈಗೆ ಸಿಕ್ಕಾಗ.

ಇದಕ್ಕೆ ಕರ್ನಾಟಕದಲ್ಲೇ ನಡೆದ ಉದಾಹರಣೆ ಇದೆ. 2023ರಲ್ಲಿ, ಆಸ್ತಿ ನೋಂದಣಿ ಮಾಡಿಸಿದ ಕೆಲವರ ಖಾತೆಗಳಿಂದ ಅವರಿಗೆ ಗೊತ್ತಿಲ್ಲದೆ ಹಣ ಹೋಗತೊಡಗಿತು. ಓಟಿಪಿ ಬಂದಿರಲಿಲ್ಲ, ಎಟಿಎಂ ಕಾರ್ಡ್ ಅವರ ಜೇಬಿನಲ್ಲೇ ಇತ್ತು. ಪೊಲೀಸರು ಬೆನ್ನು ಹತ್ತಿದಾಗ ದಾರಿ ಸಿಕ್ಕಿದ್ದು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ. ಅಲ್ಲಿಂದ ಇಳಿಸಿಕೊಳ್ಳಬಹುದಾದ ಕ್ರಯಪತ್ರಗಳಲ್ಲಿ ಆಧಾರ್ ಸಂಖ್ಯೆಯೂ ಇತ್ತು, ಹೆಬ್ಬೆಟ್ಟಿನ ಗುರುತೂ ಇತ್ತು. ಮೋಸಗಾರರು ಆ ಗುರುತಿನಿಂದ ನಕಲಿ ಬೆರಳು ತಯಾರಿಸಿ ಯಂತ್ರದ ಮೇಲೆ ಇಟ್ಟಿದ್ದರು. ಆಮೇಲೆ ಪೋರ್ಟಲ್‌ನ ದಾಖಲೆಗಳಲ್ಲಿ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ಕಾಣದಂತೆ ಮರೆಮಾಡುವ ಕ್ರಮಕ್ಕೆ ಸರ್ಕಾರ ಮುಂದಾಯಿತು.

ಅವರು ಬಳಸಿದ್ದು 'ಎಇಪಿಎಸ್' ಎಂಬ ವ್ಯವಸ್ಥೆ. ಹಳ್ಳಿಯ ಬ್ಯಾಂಕ್ ಮಿತ್ರರ ಹತ್ತಿರ ಹೆಬ್ಬೆಟ್ಟು ಒತ್ತಿ ಪಿಂಚಣಿ ತೆಗೆಯುತ್ತೇವಲ್ಲ, ಅದೇ. ಅಲ್ಲಿ ಕೇಳುವುದು ಮೂರೇ ವಿಷಯ: ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು. ಪಿನ್ ಇಲ್ಲ, ಓಟಿಪಿ ಇಲ್ಲ. ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಎಟಿಎಂ ಇಲ್ಲದ ಊರಿನ ಅಜ್ಜಿ ಅಜ್ಜಂದಿರಿಗೆ ಇದು ದೊಡ್ಡ ಅನುಕೂಲ. ಆದರೆ ಆ ಮೂರೂ ಒಂದೇ ಕಡತದಲ್ಲಿ ಸೇರಿದರೆ ಅದೇ ಅಪಾಯ.

ಈಗ ಒಬ್ಬ ಏಜೆಂಟ್ ಕೇಳುವ ಕಟ್ಟನ್ನು ನೆನಪಿಸಿಕೊಳ್ಳಿ: ಆಧಾರ್ ಜೆರಾಕ್ಸ್, ಪಾಸ್‌ಬುಕ್ಕಿನ ಮೊದಲ ಪುಟ, ಅರ್ಜಿಯ ಮೇಲೆ ಹೆಬ್ಬೆಟ್ಟು. ಸಂಖ್ಯೆ, ಬ್ಯಾಂಕ್, ಬೆರಳು ಮೂರೂ ಒಂದೇ ಫೈಲಿನಲ್ಲಿ ಕೂತಿರುತ್ತವೆ. ಬಾಡಿಗೆ ಮನೆಗೆ ಕೊಟ್ಟ ಒಂಟಿ ಜೆರಾಕ್ಸಿಗಿಂತ ಈ ಕಟ್ಟು ಎಷ್ಟೋ ಪಾಲು ಸೂಕ್ಷ್ಮ. ಸಹಿ ಮಾಡಲು ಬರುವವರು ಎಲ್ಲಿ ಕಾನೂನಿನಂತೆ ಹೆಬ್ಬೆಟ್ಟು ಬೇಕೋ ಅಲ್ಲಿ ಮಾತ್ರ ಒತ್ತಿ, ಉಳಿದ ಕಡೆ ಸಹಿ ಮಾಡುವುದೇ ಒಳ್ಳೆಯದು ಎಂದು ನಾವು ಹೇಳುವುದು ಇದಕ್ಕೇ.

ಸಿಮ್ ಮತ್ತು ಸಾಲ: ಜೆರಾಕ್ಸಿನ ಇನ್ನೆರಡು ದಾರಿ

ಹಿಂದೆ ಸಿಮ್ ಕೊಳ್ಳಲು ಅರ್ಜಿ, ಫೋಟೋ, ಜೆರಾಕ್ಸ್ ಕೊಟ್ಟರೆ ಆಗುತ್ತಿತ್ತು. ಒಬ್ಬರ ಜೆರಾಕ್ಸ್ ಮೇಲೆ ನಾಲ್ಕಾರು ಸಿಮ್ ಚಾಲೂ ಮಾಡಿ ಮಾರುವುದು ಸುಲಭವಿತ್ತು. ದೂರಸಂಪರ್ಕ ಇಲಾಖೆ 2024ರ ಜನವರಿ 1ರಿಂದ ಈ ಕಾಗದದ ಪದ್ಧತಿಯನ್ನು ನಿಲ್ಲಿಸಿತು. ಈಗ ಆಧಾರ್ ಮೂಲಕ ಬೆರಳಚ್ಚು ಕೊಡಬೇಕು, ಇಲ್ಲವೇ ಡಿಜಿಟಲ್ ಅರ್ಜಿಯಲ್ಲಿ ಅಲ್ಲೇ ನಿಂತು ಫೋಟೋ ತೆಗೆಸಬೇಕು. ಆದರೂ ಎರಡು ವಿಷಯ ಉಳಿದಿವೆ. ಒಂದು, ಅದಕ್ಕೂ ಮುಂಚೆ ನಿಮ್ಮ ಹೆಸರಲ್ಲಿ ಎದ್ದ ಸಿಮ್ ಇನ್ನೂ ಜೀವಂತ ಇರಬಹುದು. ಎರಡು, "ಬೆರಳು ಸರಿಯಾಗಿ ಬಂದಿಲ್ಲ, ಇನ್ನೊಂದು ಸಲ ಇಡಿ" ಎಂದು ಎರಡನೇ ಬಾರಿ ಒತ್ತಿಸಿಕೊಂಡು ಇನ್ನೊಂದು ಸಿಮ್ ಎಬ್ಬಿಸುವ ಉಪಾಯ. ಬೆರಳು ನಿಜಕ್ಕೂ ಕೆಲವೊಮ್ಮೆ ಬರುವುದಿಲ್ಲ, ಹಾಗಾಗಿ ಪ್ರತಿ ಅಂಗಡಿಯವನನ್ನೂ ಕಳ್ಳನೆಂದು ನೋಡಬೇಕಿಲ್ಲ. ಆದರೆ ಮೊದಲ ಸಲ ಏನಾಯಿತು ಎಂದು ಪರದೆ ತೋರಿಸಲು ಕೇಳಿ, ಆಮೇಲೆ ಒತ್ತಿ.

ಇಂಥ ಸಿಮ್ಮಿನಿಂದ ನಿಮ್ಮ ಹಣ ನೇರವಾಗಿ ಹೋಗುವುದಿಲ್ಲ. ಅದರಿಂದ ಬೇರೆ ಯಾರಿಗೋ ಮೋಸದ ಕರೆ ಹೋಗುತ್ತದೆ, ಪೊಲೀಸರು ಹುಡುಕಿಕೊಂಡು ಬರುವುದು ಮಾತ್ರ ನಿಮ್ಮ ಮನೆಗೆ.

ಸಾಲದ ದಾರಿಯಲ್ಲಿ ಮುಖ್ಯ ಪಾತ್ರ ಪಾನ್ ಕಾರ್ಡಿನದು. ಸಾಲದ ಚರಿತ್ರೆ ಕಟ್ಟಿಹಾಕುವುದು ಪಾನ್ ಸಂಖ್ಯೆಯ ಮೇಲೆ. ಪಾನ್ ಜೆರಾಕ್ಸಿನಲ್ಲಿ ಸಂಖ್ಯೆ, ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ ಎಲ್ಲವೂ ಇರುತ್ತದೆ, ಸಹಿಯೂ ಇರುತ್ತದೆ. ಪರಿಶೀಲನೆ ಸಡಿಲವಾಗಿರುವ ಕಡೆ ಇಷ್ಟರಿಂದಲೇ ಸಣ್ಣ ಸಾಲ ಎದ್ದು ನಿಲ್ಲಬಹುದು. ಇಂಥ ಸಾಲ ಎದ್ದದ್ದು ಗೊತ್ತಾಗುವುದು ಎರಡು ಮೂರು ವರ್ಷದ ಮೇಲೆ, ಟ್ರ್ಯಾಕ್ಟರ್‌ಗೋ ಮನೆಗೋ ಸಾಲ ಕೇಳಲು ಹೋದಾಗ "ನಿಮ್ಮದು ಹಳೆಯ ಬಾಕಿ ಇದೆ" ಎಂದು ಬ್ಯಾಂಕಿನವರು ಹೇಳಿದಾಗ. ಆದ್ದರಿಂದ ನಮ್ಮ ಸಲಹೆ ಸರಳ: ತೆರಿಗೆ, ಬ್ಯಾಂಕ್, ಸಾಲ, ಆಸ್ತಿ ನೋಂದಣಿ, ಸಂಬಳದಂಥ ಹಣಕಾಸಿನ ಕೆಲಸಕ್ಕೆ ಬಿಟ್ಟು ಬರೀ "ಗುರುತಿಗೆ" ಎಂದು ಪಾನ್ ಕೊಡಬೇಡಿ. ಗುರುತಿಗೆ ಮತದಾರರ ಚೀಟಿ ಅಥವಾ ಡ್ರೈವಿಂಗ್ ಲೈಸೆನ್ಸ್ ಸಾಕಾಗುವ ಕಡೆ ಅದನ್ನೇ ಕೊಡಿ.

ಗೆರೆ ಎಳೆದು ಸಹಿ ಹಾಕಿದರೆ ಸಾಕೇ?

ಸಾಕಾಗುವುದಿಲ್ಲ, ಆದರೆ ವ್ಯರ್ಥವೂ ಅಲ್ಲ. ಅದು ಎಲ್ಲಿ ಮತ್ತು ಏನು ಬರೆಯುತ್ತೀರಿ ಎಂಬುದರ ಮೇಲೆ ನಿಂತಿದೆ.

ಬಹಳ ಮಂದಿ ಹಾಳೆಯ ಕೆಳಗೆ ಖಾಲಿ ಜಾಗದಲ್ಲಿ ಸಹಿ, ದಿನಾಂಕ ಹಾಕುತ್ತಾರೆ. ಅದರ ಮೇಲೆ ಒಂದು ಬಿಳಿ ಕಾಗದ ಇಟ್ಟು ಮತ್ತೆ ಜೆರಾಕ್ಸ್ ಮಾಡಿದರೆ ಸಹಿ ಮಾಯ, ಹೊಸ ಪ್ರತಿ ಸಿದ್ಧ. ಬರೆಯಬೇಕಾದದ್ದು ಕಾರ್ಡಿನ ಚಿತ್ರದ ಮೇಲೆಯೇ, ಫೋಟೋದ ಅಂಚು ಮತ್ತು ವಿಳಾಸದ ಸಾಲುಗಳನ್ನು ದಾಟಿ ಹೋಗುವಂತೆ. ಮುಖ ಮತ್ತು ಹೆಸರು ಓದುವಂತಿರಲಿ, ಇಲ್ಲದಿದ್ದರೆ ಪಡೆದವರು ಬೇಡ ಎನ್ನುತ್ತಾರೆ.

ಏನು ಬರೆಯಬೇಕು? "ಸ್ವಯಂ ದೃಢೀಕೃತ" ಎಂದಷ್ಟೇ ಬರೆದರೆ ಅದು ಯಾವ ಕೆಲಸಕ್ಕೂ ಬಳಸಬಹುದಾದ ಪ್ರತಿಯಾಗುತ್ತದೆ. ಯಾರಿಗೆ, ಯಾಕೆ, ಯಾವಾಗ ಎಂಬ ಮೂರೂ ಬರಬೇಕು. ಉದಾಹರಣೆಗೆ: "ತುಮಕೂರು ಬಾಡಿಗೆ ಮನೆ ಕರಾರಿಗೆ ಮಾತ್ರ, ಮಾಲೀಕರಿಗೆ ಕೊಟ್ಟದ್ದು, ದಿನಾಂಕ ಇಷ್ಟು, ಬೇರೆ ಬಳಕೆಗೆ ಅಲ್ಲ", ಕೆಳಗೆ ಸಹಿ.

ಈ ಬರಹ ಮೋಸವನ್ನು ಪೂರ್ತಿ ತಡೆಯುವುದಿಲ್ಲ. ಯಾರಾದರೂ ಹಾಳೆ ನೋಡಿ ಸಂಖ್ಯೆಯನ್ನು ಬರೆದುಕೊಳ್ಳಬಹುದು. ಇದರಿಂದ ಆಗುವ ಲಾಭ ಬೇರೆ: ಅದೇ ಹಾಳೆಯನ್ನು ಇನ್ನೊಂದು ಕಡೆ ತೋರಿಸುವುದು ಕಷ್ಟವಾಗುತ್ತದೆ, ತೋರಿಸಿದರೆ ಅದು ಯಾರ ಕೈಯಿಂದ ಜಾರಿದ್ದು ಎಂಬುದು ಹಾಳೆಯ ಮೇಲೆಯೇ ಬರೆದಿರುತ್ತದೆ. ದೂರು ಕೊಡುವಾಗ ಅದು ಬೆಲೆಯುಳ್ಳ ಸಾಕ್ಷಿ.

ಸಂಖ್ಯೆಯನ್ನೇ ಮರೆಮಾಡುವುದು ಹೇಗೆ?

ಹಾಳೆಯಲ್ಲಿ ಪೂರ್ತಿ ಸಂಖ್ಯೆಯೇ ಇಲ್ಲದಿದ್ದರೆ ಬರೆದುಕೊಳ್ಳುವ ಪ್ರಶ್ನೆಯೂ ಇಲ್ಲ. ಅದೇ ಮಾಸ್ಕ್ಡ್ ಆಧಾರ್. myaadhaar.uidai.gov.in ತೆರೆದು, ಆಧಾರ್ ಸಂಖ್ಯೆ ಮತ್ತು ಓಟಿಪಿ ಕೊಟ್ಟು ಒಳಗೆ ಹೋಗಿ, Download Aadhaar ಒತ್ತಿ. ಅಲ್ಲಿ ಮಾಸ್ಕ್ಡ್ ಆಧಾರ್ ಬೇಕೇ ಎಂಬ ಚೌಕಕ್ಕೆ ಗುರುತು ಹಾಕಿ ಇಳಿಸಿಕೊಳ್ಳಿ. ಮೊದಲ ಎಂಟು ಅಂಕಿಗಳು ಮರೆಯಾಗಿ ಕೊನೆಯ ನಾಲ್ಕು ಮಾತ್ರ ಕಾಣುತ್ತವೆ. ಇದೂ ಅಧಿಕೃತ ಆಧಾರ್. ಫೋನ್ ನಂಬರ್ ಆಧಾರ್‌ಗೆ ಜೋಡಣೆ ಆಗಿರದಿದ್ದರೆ ಓಟಿಪಿ ಬರುವುದಿಲ್ಲ, ಅಂಥವರು ಮೊದಲು ಆಧಾರ್ ಕೇಂದ್ರದಲ್ಲಿ ನಂಬರ್ ಜೋಡಿಸಬೇಕು.

ಬಾಡಿಗೆ ಮನೆ, ಲಾಡ್ಜ್, ಕೊರಿಯರ್ ಇಂಥ ಕಡೆ ಇದು ಸಾಕು. ಗೃಹಲಕ್ಷ್ಮಿಯಂತೆ ಹಣ ನೇರವಾಗಿ ಖಾತೆಗೆ ಬರುವ ಯೋಜನೆಗಳಿಗೆ ಪೂರ್ತಿ ಸಂಖ್ಯೆ ಬೇಕಾಗುತ್ತದೆ, ಅಲ್ಲಿ ಇದು ನಡೆಯುವುದಿಲ್ಲ. ಅಂಥ ಅರ್ಜಿಯನ್ನು ದಾರಿಯ ಏಜೆಂಟ್ ಕೈಗೆ ಕೊಡದೆ ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರದಲ್ಲಿ ಎದುರಿಗೇ ಕೂತು ಮಾಡಿಸಿ.

ಮನೆಯಲ್ಲಿ ಹಳೆಯ ಕಾರ್ಡ್ ಮಾತ್ರ ಇದ್ದು ಪೆನ್ನಿನಿಂದ ಸಂಖ್ಯೆ ಮುಚ್ಚಿ ಕೊಡುತ್ತೀರಾದರೆ ಮೂರು ಕಡೆ ನೋಡಿ. ಸಂಖ್ಯೆ ಮುಂಭಾಗದಲ್ಲಿ ಮಾತ್ರವಲ್ಲ, ಹಿಂಭಾಗದಲ್ಲೂ ಇರುತ್ತದೆ. ಜೆರಾಕ್ಸ್ ಮೇಲೆ ಪೆನ್ನಿನಿಂದ ಗೀಚಿದರೆ ಬೆಳಕಿಗೆ ಹಿಡಿದಾಗ ಓದಬಹುದು, ಆದ್ದರಿಂದ ಮೂಲ ಕಾರ್ಡಿನ ಮೇಲೆ ಸಣ್ಣ ಕಾಗದದ ಪಟ್ಟಿ ಇಟ್ಟು ಜೆರಾಕ್ಸ್ ಮಾಡಿಸಿ. ಮೂರನೆಯದು ಯಾರೂ ಗಮನಿಸದ ವಿಷಯ: 2018ಕ್ಕಿಂತ ಹಿಂದಿನ ಕಾರ್ಡುಗಳ ಕ್ಯೂಆರ್ ಕೋಡ್‌ನಲ್ಲಿ ಪೂರ್ತಿ ಆಧಾರ್ ಸಂಖ್ಯೆ ಬರವಣಿಗೆಯ ರೂಪದಲ್ಲೇ ಅಡಗಿರುತ್ತದೆ. ಅಂಕಿ ಮುಚ್ಚಿ ಆ ಚೌಕ ಬಿಟ್ಟರೆ, ಸಾಮಾನ್ಯ ಸ್ಕ್ಯಾನರ್ ಆಪ್ ಹಿಡಿದರೂ ಸಂಖ್ಯೆ ಸಿಗುತ್ತದೆ. ಹಳೆಯ ಕಾರ್ಡಾದರೆ ಕ್ಯೂಆರ್ ಕೂಡ ಮುಚ್ಚಿ. ಹೊಸ ಕಾರ್ಡುಗಳ ದೊಡ್ಡ ಕ್ಯೂಆರ್‌ನಲ್ಲಿ ಪೂರ್ತಿ ಸಂಖ್ಯೆ ಇರುವುದಿಲ್ಲ.

ಜೆರಾಕ್ಸ್ ಅಂಗಡಿಯಲ್ಲಿ ಉಳಿಯುವ ಪ್ರತಿ

ಬ್ರೋಕರ್ ಬಗ್ಗೆ ಎಚ್ಚರ ವಹಿಸುವವರೂ ಜೆರಾಕ್ಸ್ ಅಂಗಡಿಯನ್ನು ಮರೆಯುತ್ತಾರೆ. ಕಾರ್ಡನ್ನು ಗಾಜಿನ ಮೇಲಿಟ್ಟು ಪ್ರತಿ ತೆಗೆಸಿದರೆ ನಮಗೆ ಹೆಚ್ಚು ಚಿಂತೆ ಇಲ್ಲ. ಆದರೆ ಈಗ ಹೆಚ್ಚಿನ ಅಂಗಡಿಗಳಲ್ಲಿ "ವಾಟ್ಸಾಪ್‌ಗೆ ಹಾಕಿ ಅಣ್ಣ, ಪ್ರಿಂಟ್ ಕೊಡ್ತೀನಿ" ಎನ್ನುತ್ತಾರೆ. ಹಾಕಿದ ಕಡತ ಅಂಗಡಿಯ ಫೋನಿನಲ್ಲಿ ಒಂದು, ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರಿನಲ್ಲಿ ಇನ್ನೊಂದು ಉಳಿಯುತ್ತದೆ. ಆಮೇಲೆ ನೀವು Delete for everyone ಒತ್ತಿದರೆ ಚಾಟಿನಿಂದ ಹೋಗುತ್ತದೆ, ಡೌನ್‌ಲೋಡ್ ಆದ ಪ್ರತಿ ಹೋಗುವುದಿಲ್ಲ. ಅಂಗಡಿಯವರು ಪ್ರಾಮಾಣಿಕರೇ ಇರಬಹುದು, ಆದರೆ ಆ ಕಂಪ್ಯೂಟರ್ ಮುಂದೆ ದಿನಕ್ಕೆ ಎಷ್ಟು ಜನ ಕೂರುತ್ತಾರೋ ಗೊತ್ತಿಲ್ಲ.

"ಕಡತಕ್ಕೆ ಪಾಸ್‌ವರ್ಡ್ ಇದೆಯಲ್ಲ" ಎಂದು ನೀವು ಕೇಳಬಹುದು. ಇ-ಆಧಾರ್‌ನ ಪಾಸ್‌ವರ್ಡ್ ಎಂದರೆ ಇಂಗ್ಲಿಷಿನಲ್ಲಿ ಹೆಸರಿನ ಮೊದಲ ನಾಲ್ಕು ದೊಡ್ಡ ಅಕ್ಷರ ಮತ್ತು ಹುಟ್ಟಿದ ವರ್ಷ. ಹೇಗೂ ಪ್ರಿಂಟ್ ತೆಗೆಯಲು ನೀವೇ ಅದನ್ನು ಅಂಗಡಿಯಲ್ಲಿ ಹೇಳುತ್ತೀರಿ. ಅದಕ್ಕೇ ಪ್ರಿಂಟಿಗೆ ಕಳಿಸುವುದಾದರೆ ಪೂರ್ತಿ ಆಧಾರ್ ಬದಲು ಮಾಸ್ಕ್ಡ್ ಕಡತವನ್ನೇ ಕಳಿಸಿ. ಪ್ರಿಂಟ್ ಆದ ಮೇಲೆ "ಡೌನ್‌ಲೋಡ್‌ನಿಂದಲೂ ಅಳಿಸಿ, ರೀಸೈಕಲ್ ಬಿನ್‌ನಿಂದಲೂ ತೆಗೆಯಿರಿ" ಎಂದು ಎದುರಿಗೇ ಹೇಳಿ ಅಳಿಸಿಸಿ. ಮಸಿ ಸರಿಯಾಗಿ ಬರದ ಹಾಳೆಯನ್ನು ಅಲ್ಲಿಯ ಬುಟ್ಟಿಗೆ ಹಾಕದೆ ಮನೆಗೆ ತನ್ನಿ.

ಒಂದು ಉದಾಹರಣೆ: ಕುಣಿಗಲ್‌ನಿಂದ ತುಮಕೂರಿಗೆ

ಕುಣಿಗಲ್ ಕಡೆಯ ಯುವತಿಯೊಬ್ಬರಿಗೆ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕಿದೆ, ತುಮಕೂರಿನಲ್ಲಿ ಬಾಡಿಗೆ ಮನೆ ಬೇಕು ಎಂದುಕೊಳ್ಳೋಣ. ಬ್ರೋಕರ್ ಹೇಳುತ್ತಾನೆ: "ಮೇಡಂ, ಆಧಾರ್, ಪಾನ್, ಪಾಸ್‌ಬುಕ್ ಮೂರೂ ವಾಟ್ಸಾಪ್ ಮಾಡಿ, ಎರಡು ಫೋಟೋ ಕೊಡಿ, ನಾಲ್ಕು ಮನೆ ತೋರಿಸ್ತೀನಿ."

ಇಲ್ಲಿ ಮೊದಲ ಪ್ರಶ್ನೆ, ಮನೆ ತೋರಿಸಲು ದಾಖಲೆ ಯಾಕೆ? ಮನೆ ನೋಡುವ ಹಂತದಲ್ಲಿ ಹೆಸರು, ಫೋನ್ ನಂಬರ್, ಎಲ್ಲಿ ಕೆಲಸ ಎಂಬುದಷ್ಟೇ ಸಾಕು. ದಾಖಲೆಯ ಮಾತು ಬರುವುದು ಮನೆ ಒಪ್ಪಿಗೆಯಾಗಿ ಕರಾರು ಬರೆಯುವಾಗ. ನಾಲ್ಕು ಮನೆ ನೋಡಿ ಮೂರು ಬೇಡವಾದರೆ, ಮೊದಲೇ ಕೊಟ್ಟ ಪ್ರತಿ ಮೂರು ಕಡೆ ಅನಾಥವಾಗಿ ಉಳಿಯುತ್ತದೆ.

ಎರಡನೆಯದು, ಯಾವ ದಾಖಲೆ? ಕರಾರಿಗೆ ಬೇಕಿರುವುದು ಇವರು ಯಾರು, ಯಾವ ಊರಿನವರು ಎಂಬ ಗುರುತು. ಮಾಸ್ಕ್ಡ್ ಆಧಾರ್ ಅಥವಾ ಮತದಾರರ ಚೀಟಿ ಅಷ್ಟನ್ನು ತೋರಿಸುತ್ತದೆ. ಪಾನ್ ಬೇಡ. ಪಾಸ್‌ಬುಕ್ ಖಂಡಿತ ಬೇಡ. ಅಡ್ವಾನ್ಸ್ ವಾಪಸ್ ಹಾಕಲು ಖಾತೆ ಬೇಕೆಂದರೆ ಮನೆ ಬಿಡುವ ದಿನ ಖಾತೆ ಸಂಖ್ಯೆ ಬರೆದುಕೊಟ್ಟರಾಯಿತು.

ಮೂರನೆಯದು, ಯಾರಿಗೆ? ಪ್ರತಿ ಹೋಗಬೇಕಾದದ್ದು ಮಾಲೀಕರಿಗೆ, ಬ್ರೋಕರಿಗಲ್ಲ. ಅವರು ಮಾಸ್ಕ್ಡ್ ಆಧಾರ್ ಪ್ರಿಂಟಿನ ಮೇಲೆ ಉದ್ದೇಶ, ದಿನಾಂಕ ಬರೆದು ಸಹಿ ಮಾಡಿ ಕರಾರಿನ ದಿನ ಮಾಲೀಕರ ಕೈಗೇ ಕೊಡುತ್ತಾರೆ. ಮಾಲೀಕರು ಮೂಲ ಕಾರ್ಡ್ ನೋಡಬೇಕೆಂದರೆ ತೋರಿಸುತ್ತಾರೆ, ನೋಡಿಸುವುದರಲ್ಲಿ ತೊಂದರೆ ಇಲ್ಲ. ಮನೆಗೆ ಬಂದು ಒಂದು ಪುಸ್ತಕದಲ್ಲಿ ಅಥವಾ ಫೋನಿನಲ್ಲಿ ಒಂದು ಸಾಲು ಬರೆದಿಡುತ್ತಾರೆ: ಯಾವ ದಿನ, ಯಾರಿಗೆ, ಯಾವ ದಾಖಲೆ. ಕೊಟ್ಟ ಪ್ರತಿಯ ಒಂದು ಫೋಟೋ ಕೂಡ. ಮುಂದೆ ಏನಾದರೂ ಆದರೆ ಎಲ್ಲಿಂದ ಹುಡುಕಬೇಕು ಎಂಬುದು ಈ ಒಂದು ಸಾಲಿನಿಂದ ಗೊತ್ತಾಗುತ್ತದೆ.

ಬ್ರೋಕರ್ ಒಪ್ಪದೆ "ಎಲ್ರೂ ಕೊಡ್ತಾರೆ, ನೀವೊಬ್ರೇ ಹೀಗೆ" ಎಂದರೆ? ಮನೆ ಸಿಗುವುದು ಮುಖ್ಯ, ಜಗಳ ಆಡಿ ಕಳೆದುಕೊಳ್ಳಲಾಗದು. "ಮೂಲ ಕಾರ್ಡ್ ಮಾಲೀಕರಿಗೆ ತೋರಿಸ್ತೀನಿ, ಪ್ರತಿ ಅವರಿಗೇ ಕೊಡ್ತೀನಿ" ಎಂದು ಹೇಳಿ ನೋಡಿ. ಹೆಚ್ಚಿನವರಿಗೆ ಬೇಕಿರುವುದು ನಂಬಿಕೆ, ಹನ್ನೆರಡು ಅಂಕಿಯಲ್ಲ.

ಈಗಾಗಲೇ ಎಲ್ಲೆಲ್ಲೋ ಕೊಟ್ಟಾಗಿದೆ, ಈಗೇನು?

ನಮ್ಮೆಲ್ಲರ ಸ್ಥಿತಿಯೂ ಅದೇ. ಹಳೆಯ ಹಾಳೆಗಳನ್ನು ವಾಪಸ್ ತರಲಾಗದು, ಆದರೆ ಅವುಗಳಿಂದ ಏನಾದರೂ ಆಗಿದೆಯೇ ಎಂದು ಮನೆಯಲ್ಲೇ ಕೂತು ನೋಡಬಹುದು.

ಮೊದಲು ಸಿಮ್. sancharsaathi.gov.in ತೆರೆದು, ನಿಮ್ಮ ಹೆಸರಿನ ಮೊಬೈಲ್ ಸಂಪರ್ಕಗಳನ್ನು ನೋಡುವ ಭಾಗಕ್ಕೆ ಹೋಗಿ ನಂಬರ್ ಮತ್ತು ಓಟಿಪಿ ಕೊಡಿ. ನಿಮ್ಮ ದಾಖಲೆಯ ಮೇಲಿರುವ ನಂಬರುಗಳ ಪಟ್ಟಿ ಬರುತ್ತದೆ. ಗೊತ್ತಿಲ್ಲದ ನಂಬರ್ ಇದ್ದರೆ Not My Number, ನಿಮ್ಮದೇ ಆದರೂ ಈಗ ಬೇಡವಾದರೆ Not Required ಆರಿಸಿ ಕಳಿಸಿ. ಮಕ್ಕಳಿಗೋ ಅಮ್ಮನಿಗೋ ನಿಮ್ಮ ಹೆಸರಿನಲ್ಲಿ ಕೊಡಿಸಿದ ಸಿಮ್ ಇರಬಹುದು, ಅವಸರದಲ್ಲಿ ಅದನ್ನು ಕಡಿಸಿಬಿಡಬೇಡಿ.

ಎರಡನೆಯದು ಆಧಾರ್ ಬಳಕೆ. myaadhaar ಒಳಗೆ Authentication History ಎಂಬುದಿದೆ. ಕಳೆದ ಆರು ತಿಂಗಳಲ್ಲಿ ನಿಮ್ಮ ಆಧಾರ್ ಎಲ್ಲೆಲ್ಲಿ, ಯಾವ ದಿನ, ಬೆರಳಿನಿಂದಲೋ ಓಟಿಪಿಯಿಂದಲೋ ಬಳಕೆಯಾಯಿತು ಎಂದು ಅದು ತೋರಿಸುತ್ತದೆ. ನೀವು ಗುಬ್ಬಿಯ ಹೊಲದಲ್ಲಿದ್ದ ದಿನ ಗೊತ್ತಿಲ್ಲದ ಸಂಸ್ಥೆಯಲ್ಲಿ ಬೆರಳಚ್ಚು ಬಿದ್ದಿದ್ದರೆ ಅನುಮಾನ ಪಡಬೇಕು. ಆದರೆ ಜೆರಾಕ್ಸ್ ಹಾಳೆಯನ್ನು ಯಾರಾದರೂ ಬರೀ ಕಾಗದವಾಗಿ ಬಳಸಿದ್ದರೆ ಅದು ಇಲ್ಲಿ ಕಾಣುವುದಿಲ್ಲ.

ಮೂರನೆಯದು ಸಾಲ. ಸಾಲದ ವರದಿ ಕೊಡುವ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳೂ ವರ್ಷಕ್ಕೆ ಒಂದು ಸಲ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಮೂರು ತಿಂಗಳಿಗೊಂದರಂತೆ ಕೇಳಿದರೆ ವರ್ಷವಿಡೀ ಕಾವಲಾಗುತ್ತದೆ. ಗೊತ್ತಿಲ್ಲದ ಸಾಲ ಕಂಡರೆ ಅಲ್ಲೇ ದೂರು ಹಾಕಿ. 30 ದಿನದೊಳಗೆ ಸರಿಪಡಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ.

ಬೆರಳಿಗೆ ಬೀಗ

ಕಾವೇರಿ ಪೋರ್ಟಲ್ ಮಾದರಿಯ ಮೋಸಕ್ಕೆ ನೇರ ಔಷಧಿ ಬಯೋಮೆಟ್ರಿಕ್ ಲಾಕ್. myaadhaar ಒಳಗೆ Lock / Unlock Biometrics ಒತ್ತಿ ಬೀಗ ಹಾಕಿದರೆ, ನಿಮ್ಮ ಸಂಖ್ಯೆ ಮತ್ತು ನಕಲಿ ಬೆರಳು ಎರಡೂ ಇದ್ದರೂ ಯಂತ್ರ ಒಪ್ಪುವುದಿಲ್ಲ, 330 ಎಂಬ ದೋಷ ಸಂಖ್ಯೆ ತೋರಿಸುತ್ತದೆ. ಓಟಿಪಿ ಕೆಲಸಗಳು ಎಂದಿನಂತೆ ನಡೆಯುತ್ತವೆ. ಬೇಕಾದಾಗ ಸ್ವಲ್ಪ ಹೊತ್ತಿಗೆ ಬೀಗ ತೆಗೆಯಬಹುದು.

ಇದರ ಮಿತಿಯನ್ನೂ ತಿಳಿದಿರಿ. ಬೀಗ ಹಾಕಿದವರ ಬೆರಳನ್ನು ನ್ಯಾಯಬೆಲೆ ಅಂಗಡಿಯ ಯಂತ್ರವೂ ಒಪ್ಪುವುದಿಲ್ಲ, ಹೆಬ್ಬೆಟ್ಟು ಒತ್ತಿ ಪಿಂಚಣಿ ತೆಗೆಯುವುದೂ ಆಗುವುದಿಲ್ಲ. ಅಜ್ಜಿಯ ಬೆರಳಿಗೆ ಬೀಗ ಹಾಕಿ ನೀವು ಬೆಂಗಳೂರಿಗೆ ಹೋದರೆ, ಆ ತಿಂಗಳು ಅವರು ಬ್ಯಾಂಕ್ ಮಿತ್ರರ ಹತ್ತಿರದಿಂದ ಬರಿಗೈಲಿ ಬರಬೇಕಾಗುತ್ತದೆ. ಬೆರಳು ಒತ್ತುವ ಅಗತ್ಯ ಅಪರೂಪವಾಗಿರುವವರು ಬೀಗ ಹಾಕಿಕೊಳ್ಳಿ, ಪಡಿತರಕ್ಕೆ ಮನೆಯ ಇನ್ನೊಬ್ಬ ಸದಸ್ಯರು ಬೆರಳು ಕೊಡಲಿ. ಪಿಂಚಣಿ ಪಡೆಯುವವರ ಖಾತೆಯಲ್ಲಿ ಹೆಚ್ಚು ಹಣ ಉಳಿಸದೆ, ಮೆಸೇಜ್ ಬರುವ ನಂಬರ್ ಚಾಲ್ತಿಯಲ್ಲಿದೆಯೇ ನೋಡಿ.

ದುರುಪಯೋಗ ಆಗಿದ್ದರೆ

ಹಣ ಹೋಗಿದ್ದರೆ ಮೊದಲ ಕರೆ 1930ಕ್ಕೆ, ಆಮೇಲೆ ಬ್ಯಾಂಕಿಗೆ. ಬ್ಯಾಂಕಿನದೂ ನಿಮ್ಮದೂ ತಪ್ಪಿಲ್ಲದೆ ಹೊರಗಿನವರು ಮೋಸ ಮಾಡಿದ್ದು, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ನೀವು ತಿಳಿಸಿದ್ದರೆ ನಷ್ಟ ನಿಮ್ಮ ಮೇಲೆ ಬೀಳುವುದಿಲ್ಲ ಎಂಬುದು ರಿಸರ್ವ್ ಬ್ಯಾಂಕ್ 2017ರಲ್ಲಿ ಹೊರಡಿಸಿದ ನಿಯಮ. ಫೋನಿನಲ್ಲಿ ಹೇಳಿ ಬಿಡದೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅದೇ ದಿನ ಬಯೋಮೆಟ್ರಿಕ್ ಬೀಗ ಹಾಕಿ.

ಸಿಮ್, ಸಾಲದ ವಿಷಯವಾದರೆ cybercrime.gov.in ನಲ್ಲಿ ಅಥವಾ ತುಮಕೂರಿನ ಸೆನ್ ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ಗುಬ್ಬಿ, ಕುಣಿಗಲ್‌ನವರು ಹತ್ತಿರದ ಠಾಣೆಗೂ ಹೋಗಬಹುದು. ಬೇರೆಯವರ ಗುರುತಿನ ವಿವರವನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಪ್ರಕಾರ ಮೂರು ವರ್ಷದವರೆಗಿನ ಜೈಲು ಶಿಕ್ಷೆಯ ಅಪರಾಧ. ಹೋಗುವಾಗ ನೀವು ಬರೆದಿಟ್ಟ ಆ ಒಂದು ಸಾಲು, ಕೊಟ್ಟ ಪ್ರತಿಯ ಫೋಟೋ, ಪಟ್ಟಿಯ ಸ್ಕ್ರೀನ್‌ಶಾಟ್ ಜೊತೆಗಿರಲಿ. ಆಧಾರ್ ಕುರಿತ ಪ್ರಶ್ನೆಗೆ 1947ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ.

ಕೊನೆಗೆ, ಆ ಫಾರ್ವರ್ಡ್ ನಿಜವೇ?

"ಆಧಾರ್ ಜೆರಾಕ್ಸ್ ಕೊಡಬಾರದೆಂದು ಸರ್ಕಾರದ ಆದೇಶ": ತಪ್ಪು. ಆ ಪ್ರಕಟಣೆ 2022ರಲ್ಲಿ ಎರಡೇ ದಿನಕ್ಕೆ ವಾಪಸಾಗಿದೆ. "ಜೆರಾಕ್ಸ್ ಕೊಟ್ಟರೆ ಖಾತೆ ಖಾಲಿ": ಬರೀ ಜೆರಾಕ್ಸಿನಿಂದ ಆಗದು, ಬೆರಳಚ್ಚು ಮತ್ತು ಬ್ಯಾಂಕಿನ ವಿವರವೂ ಸೇರಿದರೆ ಆಗಬಹುದು, ಕರ್ನಾಟಕದಲ್ಲಿ ಆಗಿದೆ ಕೂಡ. "ಗೆರೆ ಎಳೆದು ಸಹಿ ಹಾಕಿದರೆ ಏನೂ ಆಗದು": ಅರ್ಧ ನಿಜ. ಚಿತ್ರದ ಮೇಲೆ ಉದ್ದೇಶ ಬರೆದರೆ ತಡೆಯಾಗುತ್ತದೆ, ಸಂಖ್ಯೆ ಮುಚ್ಚಿದರೆ ಇನ್ನೂ ಗಟ್ಟಿ.

ಮುಂದಿನ ಸಲ ಆ ಸಂದೇಶ ಗುಂಪಿಗೆ ಬಂದರೆ, ಅದರ ಕೆಳಗೆ ಇಷ್ಟನ್ನು ಬರೆದು ಕಳಿಸಿ: ಮಾಸ್ಕ್ಡ್ ಆಧಾರ್ ಕೊಡಿ, ಅದರ ಮೇಲೆ ಯಾರಿಗೆ ಯಾಕೆ ಎಂದು ಬರೆಯಿರಿ, ಹೆಬ್ಬೆಟ್ಟು ಮತ್ತು ಪಾಸ್‌ಬುಕ್ ಪ್ರತಿಯನ್ನು ಅದರ ಜೊತೆ ಒಂದೇ ಕೈಗೆ ಕೊಡಬೇಡಿ.